ಮನೆಯ ಮಾತು ಬೇರೆ, ಜನಾಂಗದ ಹೆಸರು ಬೇರೆ

(ಕುಂಸಿಯಲ್ಲಿ ನಡೆದ ಸಭೆಯ ಭಾಷಣ)



ನಮ್ಮ ಸಂತೆಯ ಅಂಗಡಿಕಾರರಲ್ಲಿ ಕೆಲವರಿಗೆ ಲಂಬಾಣಿ ಮಾತು ಚೆನ್ನಾಗಿ ಬರುತ್ತದೆ. ತಾಂಡಾದಿಂದ ಬಂದ ಅಜ್ಜಿಯೊಡನೆ ಅವಳ ಮಾತಿನಲ್ಲೇ ಚೌಕಾಸಿ ಮಾಡುತ್ತಾರೆ. ಹಾಗೆಂದು ಅವರನ್ನು ಯಾರೂ ಲಂಬಾಣಿಗಳೆನ್ನುವುದಿಲ್ಲ. ಅದೇ ತಾಂಡಾದ ಹುಡುಗ ಭದ್ರಾವತಿಗೆ ಕೂಲಿಗೆ ಹೋಗಿ, ಮನೆಯಲ್ಲೂ ಕನ್ನಡವನ್ನೇ ಆಡತೊಡಗಿದರೂ ಊರಿಗೆ ಅವನು ಲಂಬಾಣಿಯೇ. ಮಾತನ್ನು ಕಲಿಯಬಹುದು, ಬಿಡಬಹುದು. ಹುಟ್ಟಿನ ಹೆಸರನ್ನು ಊರು ಬಿಡಗೊಡುವುದಿಲ್ಲ.

2011ರ ಜನಗಣತಿಗೆ ನಾನೂ ಮನೆಮನೆ ತಿರುಗಿದ್ದೆ. ತಾಂಡಾದ ಒಂದು ಮನೆಯಲ್ಲಿ ಐದು ಮಂದಿ. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಪರಿಶಿಷ್ಟ ಜಾತಿಯ ಅಂಕಣಕ್ಕೆ ಒಂದೇ ಉಸಿರಿನಲ್ಲಿ ಉತ್ತರ ಬಂತು. ತಾಯ್ನುಡಿಯ ಅಂಕಣ ಬಂದಾಗ ಮಗ, "ಎಲ್ಲರಿಗೂ ಕನ್ನಡ ಅಂತ ಬರೀರಿ ಮೇಷ್ಟ್ರೇ. ಬೇರೆ ಬರೆಸಿದರೆ ಹೊರಗಿನವರು ಅಂತಾರೆ" ಎಂದ. ಒಳಗಿನಿಂದ ಅಜ್ಜಿ ಗದರಿದಳು: "ನನ್ನವ್ವ ನನ್ನ ಕೂಡೆ ಕನ್ನಡ ಆಡಿದ್ಲೇನೋ?"

ನಿಯಮ ಅಜ್ಜಿಯ ಪಕ್ಷದಲ್ಲೇ ಇತ್ತು. ಎಳೆತನದಲ್ಲಿ ತಾಯಿ ನಮ್ಮೊಡನೆ ಆಡಿದ ಮಾತೇ ಗಣತಿಯ ಲೆಕ್ಕಕ್ಕೆ ತಾಯ್ನುಡಿ. ಒಂದೇ ಮನೆಯವರೆಂದು ಎಲ್ಲರಿಗೂ ಒಂದೇ ನುಡಿಯೆಂದು ಊಹಿಸಕೂಡದು. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು. ಬರುವ ಇನ್ನೆರಡು ಭಾಷೆಗಳಿಗೆ ಬೇರೆ ಅಂಕಣ ಉಂಟು. ಇದನ್ನು ವಿವರಿಸಿದ ಮೇಲೆ ಹಿರಿಯರು ಮೂವರೂ ಲಂಬಾಣಿ ಎಂದರು. ಮಕ್ಕಳೊಡನೆ ಸೊಸೆ ಮೊದಲಿನಿಂದ ಆಡಿದ್ದು ಕನ್ನಡ. ಅವರಿಗೆ ಕನ್ನಡವೇ ಬಿತ್ತು. ಒಂದೇ ಒಲೆ, ಒಂದೇ ಜಾತಿ, ಎರಡು ತಾಯ್ನುಡಿ. ಇದರಲ್ಲಿ ಸುಳ್ಳೇನೂ ಇಲ್ಲ.

ಮುಂದಿನ ಕಥೆ ಕೇಳಿ. ದೆಹಲಿಯ ಪಟ್ಟಿಯಲ್ಲಿ ಲಂಬಾಣಿಯನ್ನು ಹಿಂದಿಯ ಗುಂಪಿಗೆ ಸೇರಿಸಿದ್ದಾರೆ. ಹಿಂದಿಯ ಒಂದು ಮಾತೂ ತಿಳಿಯದ ನಮ್ಮ ಅಜ್ಜಿ ದೊಡ್ಡ ಲೆಕ್ಕದಲ್ಲಿ ಹಿಂದಿಯವಳಾದಳು! ಒಳಗಿನ ವಿವರದ ಪಟ್ಟಿಯಲ್ಲಿ ಮಾತ್ರ ಅವಳ ನುಡಿಯ ಹೆಸರು ಸಿಗುತ್ತದೆ. ಮೊಮ್ಮಕ್ಕಳು ಕನ್ನಡದ ಲೆಕ್ಕಕ್ಕೆ ಹೋದರು. ಆದ್ದರಿಂದ ಲಂಬಾಣಿ ಜನ ಎಷ್ಟಿದ್ದಾರೆಂದು ಭಾಷೆಯ ಪಟ್ಟಿ ನೋಡಿ ಹೇಳುವವರನ್ನು ನಂಬಬೇಡಿ. ಅದಕ್ಕೆ ಜಾತಿಯ ಪಟ್ಟಿಯನ್ನೇ ನೋಡಬೇಕು.

ಆ ಪಟ್ಟಿಯೂ ಬ್ರಹ್ಮಲಿಖಿತವಲ್ಲ. ಇದೇ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿ ದಾಟಿದರೆ ಮಾತು ಬದಲಾಗದು, ಸರ್ಕಾರ ಕೊಡುವ ಹೆಸರು ಬದಲಾಗುತ್ತದೆ.

ಕನ್ನಡವೆಂದು ಬರೆಸಿದರೆ ಮಕ್ಕಳ ಜಾತಿ ಪತ್ರ ಕೈತಪ್ಪೀತೆಂಬ ಅಂಜಿಕೆ ಕೆಲವು ತಾಯಂದಿರಿಗಿದೆ. ತಪ್ಪುವುದಿಲ್ಲ. ಆ ಪತ್ರವನ್ನು ತಾಯ್ನುಡಿ ನೋಡಿ ಕೊಡುವುದಿಲ್ಲ. ಗಣತಿಯಲ್ಲಿ ಒಬ್ಬೊಬ್ಬರು ಹೇಳಿದ್ದು 1948ರ ಕಾಯಿದೆಯಂತೆ ಗುಟ್ಟಾಗಿರುತ್ತದೆ. ಲಂಬಾಣಿಯೆಂದು ಬರೆಸಿದವರು ಕನ್ನಡ ನಾಡಿಗೆ ಹೊರಗಾಗುವುದೂ ಇಲ್ಲ. ಮುಂದಿನ ಗಣತಿಯವರು ಬಂದಾಗ ಯಜಮಾನನೊಬ್ಬನೇ ಎಲ್ಲರ ಪರವಾಗಿ ಉತ್ತರ ಕೊಡುವುದು ಬೇಡ. ಅಜ್ಜಿಯನ್ನೂ ಹೊರಗೆ ಕರೆಯಿರಿ.