ಇಂಟರ್ನ್‌ಶಿಪ್ ಸಂದರ್ಶನದ ಮೊದಲ ಒಂದು ನಿಮಿಷ

ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋದ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಕೇಳೋದು, "ನಿಮ್ಮ ಬಗ್ಗೆ ಹೇಳಿ" ಅಂತ. ನಮ್ಮ ಸದಸ್ಯೆಯೊಬ್ಬರ ಮಗಳು, ಬಿ.ಕಾಂ. ಓದುವವಳು, ನಮ್ಮೆದುರು ಅಭ್ಯಾಸಕ್ಕೆ ಕೂತಳು. ಊರು, ಅಪ್ಪನ ಕೆಲಸ, ಹತ್ತನೇ ತರಗತಿಯ ಅಂಕ ಹೇಳುವಷ್ಟರಲ್ಲಿ 40 ಸೆಕೆಂಡು ಮುಗೀತು. ಕೊನೆಗೆ "ನಾನು ಶ್ರಮಜೀವಿ" ಅಂದಳು. ಅದನ್ನು ಎಲ್ಲರೂ ಹೇಳ್ತಾರಲ್ಲ!

"ಅಮ್ಮನ ಸಂಘದ ಲೆಕ್ಕ ಬರೀತೀಯಲ್ಲ, ಅಲ್ಲೇನು ಮಾಡಿದೆ?" ಅಂತ ಕೇಳಿದೆವು. ಆಗ ವಿಷಯ ಹೊರಬಂತು. ಓದಿಗೆ 15 ಸೆಕೆಂಡು, ಆಸಕ್ತಿಗೆ 10, ಉಳಿದದ್ದು ಉದಾಹರಣೆಗೆ ಅಂತ ಇಟ್ಟು ಹೀಗೆ ಸಿದ್ಧಮಾಡಿದೆವು:

"ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಲೆಕ್ಕ ತಾಳೆ ನೋಡುವುದು ನನಗೆ ಇಷ್ಟ. ಸ್ವಸಹಾಯ ಸಂಘದಲ್ಲಿ ಒಬ್ಬರು 10,000 ರೂಪಾಯಿ ಸಾಲಕ್ಕೆ 1,200 ಕಟ್ಟಿದ್ದರು. ಅದರಲ್ಲಿ 200 ಬಡ್ಡಿ. ಪುಸ್ತಕದಲ್ಲಿ ಪೂರ್ತಿ ಅಸಲಿಗೆ ಬರೆದು ಬಾಕಿ 8,800 ಎಂದಿತ್ತು, ಇರಬೇಕಾದದ್ದು 9,000. ರಶೀದಿ ಜೊತೆ ಹೋಲಿಸಿ ತಪ್ಪು ಹಿಡಿದೆ. ಈಗ ಅಸಲಿಗೂ ಬಡ್ಡಿಗೂ ಬೇರೆ ಕಾಲಂ ಇದೆ. ನಿಮ್ಮ ಲೆಕ್ಕ ವಿಭಾಗದಲ್ಲಿ ಇನ್ನಷ್ಟು ಕಲಿಯಲು ಬಂದಿದ್ದೇನೆ."

ಸಾಲಗಾರರ ಹೆಸರು ಮಾತ್ರ ಹೇಳಬಾರದು, ಅದು ಸಂಘದ ಗುಟ್ಟು.

ಮನೆಯಲ್ಲಿ ನೀವು ಮೊಬೈಲಿನಲ್ಲಿ ಸಮಯ ನೋಡಿ. 60 ಸೆಕೆಂಡು ದಾಟಿದರೆ ಓದಿನ ಭಾಗ ಕಡಿಮೆ ಮಾಡಿಸಿ, ಉದಾಹರಣೆ ಮುಟ್ಟಬೇಡಿ. ಆಮೇಲೆ ನಡುವೆ ತಡೆದು "ತಪ್ಪು ಹೇಗೆ ಗೊತ್ತಾಯ್ತು?" ಅಂತ ಕೇಳಿ. ಬಾಯಿಪಾಠ ಮಾಡಿದ್ದರೆ ಅಲ್ಲೇ ತಡವರಿಸ್ತಾಳೆ. ನಿಜವಾಗಿ ಮಾಡಿದವಳು ರಶೀದಿ ಪುಸ್ತಕದ ಕಥೆಯನ್ನೇ ಶುರುಮಾಡ್ತಾಳೆ.