ಕುರ್ಚಿಯ ಕೆಳಗಿನ ಪೆಡಲ್

ಭಾನುವಾರ ಸಲೂನ್‌ಗೆ ಹೋದರೆ ಕತ್ತರಿ ಹಿಡಿದವರ ಕಾಲನ್ನೊಮ್ಮೆ ನೋಡಿ. ನಡೆಯುವಾಗ ಮೀನಖಂಡ ಹಿಂಡಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತರೆ ರಕ್ತ ಕೆಳಗೇ ತಂಗುತ್ತದೆ, ಸಂಜೆಗೆ ಚಪ್ಪಲಿ ಬಿಗಿಯಾಗುತ್ತದೆ. ಗಿರಾಕಿಗಳ ನಡುವೆ ಹಿಮ್ಮಡಿ ಎತ್ತಿ ಇಳಿಸಿದರೂ ರಕ್ತಕ್ಕೆ ಚಲನೆ ಸಿಗುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬೆನ್ನಿನದು ಬೇರೆ ಕತೆ. ಕುರ್ಚಿಗೆ ಪೆಡಲ್ ಇದ್ದರೂ ಅವಸರದಲ್ಲಿ ಒತ್ತುವವರು ಕಡಿಮೆ. ಎತ್ತರದ ಗಿರಾಕಿಯ ನೆತ್ತಿಗೆ ತೋಳು ಭುಜದ ಮೇಲೇರುತ್ತದೆ, ಕತ್ತಿನ ಹಿಂಭಾಗಕ್ಕೆ ಸೊಂಟ ಬಾಗುತ್ತದೆ. ನೆತ್ತಿಗೆ ಕುರ್ಚಿ ಇಳಿಸಬೇಕು, ಕತ್ತಿಗೆ ಏರಿಸಬೇಕು, ಇಲ್ಲವೇ ಚಕ್ರದ ಸ್ಟೂಲಿನಲ್ಲಿ ಕೂರಬೇಕು. ಕೂತರೆ ಸೋಮಾರಿ ಎನ್ನುವ ಮಾಲೀಕರೂ ಇದ್ದಾರೆನ್ನಿ! ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು.