ಅಪ್ಪ ಟೀ ಬಿಟ್ಟರೋ, ಟೀ ಕುಡಿಯಲು ನಿಂತರೋ?

ಮಕ್ಕಳೇ, ಪೀಣ್ಯದ ಲೇತ್ ವರ್ಕ್‌ಶಾಪಿಗೆ ಬೈಕಿನಲ್ಲಿ ಹೊರಟ ಒಬ್ಬ ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ನೋಡೋಣ. ಒಂದು, ‘ಫಾದರ್ ಸ್ಟಾಪ್ಡ್ ಡ್ರಿಂಕಿಂಗ್ ಟೀ’. ಇನ್ನೊಂದು, ‘ಫಾದರ್ ಸ್ಟಾಪ್ಡ್ ಟು ಡ್ರಿಂಕ್ ಟೀ’. ಮೊದಲನೆಯದರಲ್ಲಿ ಅಪ್ಪ ಟೀ ಕುಡಿಯುವುದನ್ನೇ ಬಿಟ್ಟಿದ್ದಾರೆ. ಎರಡನೆಯದರಲ್ಲಿ ಜಾಲಹಳ್ಳಿ ಕ್ರಾಸ್ ಹತ್ತಿರ ಬೈಕ್ ನಿಲ್ಲಿಸಿ, ಟೀ ಕುಡಿಯಲು ಅಂಗಡಿಗೆ ಹೋಗಿದ್ದಾರೆ. ಅಲ್ಲಿ ನಿಂತದ್ದು ಟೀ ಅಲ್ಲ, ಪ್ರಯಾಣ.

ಇಷ್ಟು ವ್ಯತ್ಯಾಸ ಹೇಗೆ ಬಂತು? ‘ಟು’ ಮೊದಲಿನಿಂದಲೂ ‘ಕಡೆಗೆ’ ಎಂದು ದಿಕ್ಕು ತೋರಿಸುವ ಪದ. ‘ಗೋ ಟು ಸ್ಕೂಲ್’ ಎನ್ನುವಾಗ ಈಗಲೂ ಅದೇ ಅರ್ಥ. ಕ್ರಿಯಾಪದದ ಮುಂದೆ ಬಂದಾಗಲೂ ಅದು ಹಲವು ಸಲ ಇನ್ನೂ ಆಗಬೇಕಾದ ಕೆಲಸದ ಕಡೆಗೆ ಕೈ ತೋರಿಸುತ್ತದೆ. ಅದಕ್ಕೇ ಬಯಕೆಯನ್ನು ಹೇಳುವ ‘ವಾಂಟ್’ ನಂತರ ‘ಟು’ ಬರುತ್ತದೆ: ‘ಐ ವಾಂಟ್ ಟು ಪ್ಲೇ’. ಆಡುವುದು ಇನ್ನೂ ಮುಂದಿದೆ.

‘ರಿಮೆಂಬರ್’ ಪದದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ ಬೀಗ ಹಾಕಿದ್ದು ನೆನಪಿದೆ, ಕೆಲಸ ಮುಗಿದಿದೆ. ‘ರಿಮೆಂಬರ್ ಟು ಲಾಕ್ ದ ಡೋರ್’ ಎಂದರೆ ಬೀಗ ಹಾಕಲು ಮರೆಯಬೇಡ. ಕೆಲಸ ಬಾಕಿ ಇದೆ.

ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಹಾಗಾದರೆ ಏನು ಮಾಡಬೇಕು? ವಾಕ್ಯದ ಉಳಿದ ಭಾಗದಲ್ಲಿ ಸುಳಿವು ಹುಡುಕಿ. ‘ಹಿ ಸ್ಟಾಪ್ಡ್ ____ ಟೀ ಬಿಕಾಸ್ ದ ಡಾಕ್ಟರ್ ಟೋಲ್ಡ್ ಹಿಮ್ ಟು’ ಎಂದಿದ್ದರೆ, ಡಾಕ್ಟರ್ ಬೇಡವೆಂದದ್ದು ಟೀಯನ್ನು. ಉತ್ತರ ‘ಡ್ರಿಂಕಿಂಗ್’. ‘ಆನ್ ದ ವೇ ಟು ವರ್ಕ್, ಹಿ ಸ್ಟಾಪ್ಡ್ ____ ಟೀ’ ಎಂದಿದ್ದರೆ ದಾರಿಯಲ್ಲಿ ನಿಂತಿದ್ದಾರೆ. ಉತ್ತರ ‘ಟು ಡ್ರಿಂಕ್’.

ಆದರೆ ಈ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. ‘ಅವಾಯ್ಡ್’ ಎಂದರೆ ತಪ್ಪಿಸಿಕೊಳ್ಳುವುದು. ತಪ್ಪಿಸಿಕೊಂಡ ಕೆಲಸ ನಡೆದೇ ಇರುವುದಿಲ್ಲ. ಆದರೂ ‘ಅವಾಯ್ಡ್ ಗೋಯಿಂಗ್’ ಎಂದೇ ಹೇಳಬೇಕು, ‘ಅವಾಯ್ಡ್ ಟು ಗೋ’ ತಪ್ಪು. ‘ಎಂಜಾಯ್’ ಕೂಡ ಅದೇ ಗುಂಪಿನದು. ಕನ್ನಡದಲ್ಲಿ ‘ಆಡಲು ಇಷ್ಟಪಡುತ್ತಾಳೆ’ ಎನ್ನಬಹುದು. ಆ ಅಭ್ಯಾಸದಲ್ಲೇ ಎಷ್ಟೋ ಮಕ್ಕಳು ‘ಎಂಜಾಯ್ಸ್ ಟು ಪ್ಲೇ’ ಎಂದು ಬರೆದುಬಿಡುತ್ತಾರೆ. ಸರಿಯಾದದ್ದು ‘ಎಂಜಾಯ್ಸ್ ಪ್ಲೇಯಿಂಗ್’. ಈ ಎರಡು ಪದಗಳನ್ನು ಅವುಗಳ ಜೊತೆಗಾರನೊಂದಿಗೇ ಬಾಯಿಪಾಠ ಮಾಡಿಕೊಳ್ಳಿ. ಅರ್ಥ ನೋಡಿ ಆರಿಸಬೇಕಾದವು ‘ಸ್ಟಾಪ್’, ‘ರಿಮೆಂಬರ್’ ಥರದ ಪದಗಳು.

ಈಗ ನೀವೇ ತುಂಬಿ: ‘ಪ್ಲೀಸ್ ರಿಮೆಂಬರ್ ____ ಆಫ್ ದ ಫ್ಯಾನ್ ಬಿಫೋರ್ ಯು ಲೀವ್’. ಇಲ್ಲಿ ‘ಸ್ವಿಚಿಂಗ್’ ಬರಬೇಕೋ, ‘ಟು ಸ್ವಿಚ್’ ಬರಬೇಕೋ? ಫ್ಯಾನ್ ಇನ್ನೂ ತಿರುಗುತ್ತಿದೆ ಎಂಬುದೇ ಸುಳಿವು.